ಟಾರ್ಗೆಟ್ ತಪ್ಪಿದ ಮೇಲೆ ಇನ್ವೆಸ್ಟರ್‌ಗಳಿಗೆ ಬರೆದ ಮೇಲ್: ನನ್ನ ಅನುಭವ

ಆ ಮೇಲ್ ಕಳಿಸಿದ್ದು 2025ರ ಜನವರಿ 9, ಗುರುವಾರ ಬೆಳಿಗ್ಗೆ. ಹಿಂದಿನ ರಾತ್ರಿ ಹನ್ನೊಂದರವರೆಗೂ ನನ್ನ ಪಾರ್ಟ್‌ನರ್ ಬೇಡ ಅಂತಲೇ ಹಟ ಹಿಡಿದಿದ್ದ. "ಮೊದಲು ಬ್ರಿಜ್ ದುಡ್ಡು ಕೈಗೆ ಬರಲಿ, ಆಮೇಲೆ ಹೇಳೋಣ" ಅಂತ ಅವನ ವಾದ. ಬ್ರಿಜ್ ಅಂದರೆ ಮುಂದಿನ ದೊಡ್ಡ ಫಂಡಿಂಗ್‌ವರೆಗೆ ಕಂಪನಿ ನಡೆಸಲು ಇನ್ವೆಸ್ಟರ್‌ಗಳಿಂದ ತೆಗೆದುಕೊಳ್ಳುವ ದುಡ್ಡು. ನಮ್ಮ ಸಿಎ ಕೂಡ ಅದನ್ನೇ ಹೇಳಿದರು. ನನಗಿಂತ ಹತ್ತು ವರ್ಷ ಮುಂಚೆ ಕಂಪನಿ ಕಟ್ಟಿದವರೊಬ್ಬರು, "ಕೆಟ್ಟ ಸುದ್ದಿ ಫೋನಲ್ಲಿ ಹೇಳು, ಬರಹದಲ್ಲಿ ಕೊಡಬೇಡ" ಅಂದರು. ನಾನು ಬರೆದೇ ಕಳಿಸಿದೆ. 14 ಜನರಲ್ಲಿ 9 ಜನ ಎರಡು ದಿನದಲ್ಲಿ ಉತ್ತರ ಕೊಟ್ಟರು. ಫೆಬ್ರವರಿ ಕೊನೆಗೆ 50 ಲಕ್ಷ ಬ್ರಿಜ್ ಬಂತು. ಹೇಗೆ ಅಂತ ಬಹಳ ಜನ ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ರೈಸ್ ಮಿಲ್‌ಗಳಿಗೆ ತೂಕ ಮತ್ತು ತೇವಾಂಶದ ಲೆಕ್ಕ ಇಡುವ ಮೆಷಿನ್, ಜೊತೆಗೆ ಸಾಫ್ಟ್‌ವೇರ್. ಕ್ವಿಂಟಲ್ ಭತ್ತಕ್ಕೆ ಎಷ್ಟು ಅಕ್ಕಿ ಬಂತು, ಎಲ್ಲಿ ಸೋರಿತು ಅಂತ ಮಾಲೀಕರಿಗೆ ಫೋನಿನಲ್ಲೇ ಕಾಣುತ್ತದೆ. ಗಿರಾಕಿಗಳು ಜಾಸ್ತಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು. ಅಕ್ಟೋಬರ್‌ನಿಂದ ಡಿಸೆಂಬರ್‌ಗೆ ನಾವು ಇಟ್ಟ ಟಾರ್ಗೆಟ್ 80 ಲಕ್ಷ. ಮುಂಗಾರು ಭತ್ತ ನವೆಂಬರ್‌ನಲ್ಲಿ ಮಿಲ್‌ಗೆ ಬರುತ್ತದೆ, ಸೀಜನ್‌ನಲ್ಲಿ ದುಡ್ಡು ಓಡಾಡುತ್ತದೆ, ಮೆಷಿನ್ ಮಾರಾಟ ಆಗುತ್ತದೆ ಅಂತ ನನ್ನ ಲೆಕ್ಕ.

ಲೆಕ್ಕ ಪೂರ್ತಿ ಉಲ್ಟಾ ಆಯಿತು. ಸೀಜನ್‌ನಲ್ಲಿ ಮಿಲ್‌ನವರ ಅಷ್ಟೂ ದುಡ್ಡು ಭತ್ತ ಕೊಳ್ಳುವುದಕ್ಕೆ ಹೋಗುತ್ತದೆ. ನಮ್ಮ ಮೆಷಿನ್ ಕೂರಿಸಲು ಲೈನ್ ಎರಡು ದಿನ ನಿಲ್ಲಿಸಬೇಕು. ಗಂಗಾವತಿಯ ಒಬ್ಬ ಮಾಲೀಕರು ಮೆಷಿನ್ ಲೋಡ್ ಮಾಡಿದ್ದ ಗಾಡಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. "ಹೊರಗ ಲಾರಿ ಸಾಲು ನೋಡ್ರಿ. ಈಗ ಮಿಲ್ ನಿಲ್ಲಸಾಕ ಆಗಂಗಿಲ್ಲ, ಸೀಜನ್ ಮುಗದ ಮ್ಯಾಲ ಬರ್ರಿ" ಅಂದರು. ನಿಜಕ್ಕೂ ಭತ್ತದ ಲಾರಿಗಳು ರಸ್ತೆವರೆಗೆ ನಿಂತಿದ್ದವು.

ಮೊದಲ ಡ್ರಾಫ್ಟ್‌ನಲ್ಲಿ ನಾನು ಕೊರತೆಯ ತಪ್ಪನ್ನು ತುಂಗಭದ್ರಾ ಡ್ಯಾಮ್ ಮೇಲೆ ಹಾಕಿದ್ದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಗಿದ್ದು ಎಲ್ಲರಿಗೂ ಗೊತ್ತಿತ್ತು, ಬೆಂಗಳೂರು ಮುಂಬೈ ಇನ್ವೆಸ್ಟರ್‌ಗಳೂ ಟಿವಿಯಲ್ಲಿ ನೋಡಿದ್ದರು. ಕಳಿಸಿದ್ದರೆ ನಂಬುತ್ತಿದ್ದರು. ಆದರೆ ತಿಂಗಳೊಳಗೆ ಸ್ಟಾಪ್‌ಲಾಗ್ ಗೇಟ್ ಕೂರಿಸಿ ನೀರು ನಿಲ್ಲಿಸಿದರು, ನಮ್ಮ ಮಿಲ್‌ಗಳಿಗೆ ಭತ್ತ ಬಂದೇ ಬಂತು. ಭತ್ತ ಬಂದಿದ್ದರಿಂದಲೇ ತಾನೇ ನಮ್ಮನ್ನು ಗೇಟಿನಿಂದ ವಾಪಸ್ ಕಳಿಸಿದ್ದು? ಆ ಸಾಲು ಹೊಡೆದುಹಾಕಿದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಡ್ರಾಫ್ಟ್‌ನಲ್ಲಿ "80ಕ್ಕೆ 68 ಬಂತು, ಶೇಕಡಾ 15 ಕಡಿಮೆ" ಅಂತ ಬರೆದಿದ್ದೆ. ಸಿಎ ಓದಿ, "ಈ 68 ಬಿಲ್ ಮೊತ್ತ ಅಲ್ವಾ? ಜಿಎಸ್‌ಟಿ ತೆಗೀರಿ" ಅಂದರು. ಟಾರ್ಗೆಟ್ ಜಿಎಸ್‌ಟಿ ಬಿಟ್ಟು ಇಟ್ಟಿದ್ದು, ಬಂದಿದ್ದು ಜಿಎಸ್‌ಟಿ ಸೇರಿಸಿ ಎಣಿಸಿದ್ದು. 68ರಲ್ಲಿ ಸೇರಿದ್ದ 18 ಪರ್ಸೆಂಟ್ ಜಿಎಸ್‌ಟಿ ತೆಗೆದರೆ, ಅಂದರೆ 1.18ರಿಂದ ಭಾಗಿಸಿದರೆ, 57.6 ಲಕ್ಷ. ಕೊರತೆ 12 ಲಕ್ಷ ಅಲ್ಲ, 22.4 ಲಕ್ಷ. ಶೇಕಡಾ 28. ಅವತ್ತು ಊಟ ಸೇರಲಿಲ್ಲ. ಹಾಗೇ ಕಳಿಸಿದ್ದರೆ, ಆಮೇಲೆ ತಿಂಗಳ ಲೆಕ್ಕದ ಎಂಐಎಸ್ ಶೀಟ್ ನೋಡಿದ ಲೀಡ್, ಅಂದರೆ ಇನ್ವೆಸ್ಟರ್‌ಗಳಲ್ಲಿ ಮುಂದೆ ನಿಂತವರು, ನನ್ನನ್ನು ಸುಳ್ಳ ಅಂದುಕೊಳ್ಳುತ್ತಿದ್ದರು.

ಇದಕ್ಕೂ ಮುಂಚೆ ನಾನು ಮೂರು ತರ ಮಾಡಿ ಸೋತಿದ್ದೆ. ಒಂದು ಕ್ವಾರ್ಟರ್‌ನಲ್ಲಿ ಪೈಪ್‌ಲೈನ್ ಬಗ್ಗೆಯೇ, ಅಂದರೆ ಮುಂದೆ ಬರಬಹುದಾದ ಆರ್ಡರ್‌ಗಳ ಬಗ್ಗೆಯೇ ಬರೆದು ಕೊರತೆಯನ್ನು ಕೊನೆಯ ಪ್ಯಾರಾದಲ್ಲಿ ಮುಚ್ಚಿಟ್ಟೆ. ಒಬ್ಬರೇ ಉತ್ತರ ಕೊಟ್ಟರು, ಅದೂ ಒಂದೇ ಸಾಲು: "ಬ್ಯಾಂಕಿನಲ್ಲಿ ಎಷ್ಟಿದೆ?" ಇನ್ನೊಂದು ಸಲ ಮೇಲ್ ಕಳಿಸಲೇ ಇಲ್ಲ. ಆಗ ನಾವು ಮುಚ್ಚುತ್ತಿದ್ದೇವೆ ಅಂತ ಬೇರೆಯವರ ಬಾಯಲ್ಲಿ ಸುದ್ದಿ ಹೋಯಿತು. ಮತ್ತೊಂದು ಸಲ ಹತ್ತು-ಹನ್ನೊಂದು ಚಾರ್ಟ್ ಹಾಕಿ ಉದ್ದಕ್ಕೆ ಬರೆದೆ. ಯಾರೂ ಓದಲಿಲ್ಲ.

ಈ ಸಲ ಕೊರತೆಯ 22.4 ಲಕ್ಷವನ್ನು ರೂಪಾಯಿ ರೂಪಾಯಿ ಬಿಡಿಸಿ ಮೂರು ಸಾಲಿಗೆ ಇಳಿಸಿದೆ. ತಡವಾದ ದುಡ್ಡು, ಹೋದ ದುಡ್ಡು, ಇಲ್ಲದ ದುಡ್ಡು. ಮೇಲ್ ಇಂಗ್ಲಿಷ್‌ನಲ್ಲಿತ್ತು, ಆದರೆ ತಲೆಯಲ್ಲಿ ಓಡಿದ್ದು ಈ ಮೂರು ಮಾತೇ.

ತಡವಾದ ದುಡ್ಡು 14 ಲಕ್ಷ. ಏಳು ಮಿಲ್, ತಲಾ ಎರಡು ಲಕ್ಷ. ಆರ್ಡರ್ ಇದೆ, ಸೀಜನ್ ಮುಗಿದ ಮೇಲೆ ಕೂರಿಸಿ ಅಂದಿದ್ದಾರೆ. ನಾವು ಮೆಷಿನ್ ಓಡಲು ಶುರುವಾದ ಮೇಲೇ ಆದಾಯ ಅಂತ ಎಣಿಸುತ್ತೇವೆ, ಅಡ್ವಾನ್ಸ್ ಎಣಿಸುವುದಿಲ್ಲ.

ಹೋದ ದುಡ್ಡು 5 ಲಕ್ಷ. ಹತ್ತು ಮಿಲ್‌ನವರು ತಲಾ ಐವತ್ತು ಸಾವಿರದ ವರ್ಷದ ಶುಲ್ಕ ರಿನ್ಯೂ ಮಾಡಲಿಲ್ಲ. ಇದು ನಮ್ಮದೇ ತಪ್ಪು. ತೂಕದ ಲೋಡ್ ಸೆಲ್ ಸುತ್ತ ಹೊಟ್ಟಿನ ಧೂಳು ಗಟ್ಟಿಯಾಗಿ ಕೂತು ತೂಕ ತಪ್ಪು ತೋರಿಸುತ್ತಿತ್ತು. ಫೋನ್ ಮಾಡಿದರೆ ನಮ್ಮ ಹುಡುಗ ಹುಬ್ಬಳ್ಳಿಯಿಂದ ಹೋಗಿ ಸೇರಲು ಒಂಬತ್ತು-ಹತ್ತು ದಿನ. ಸೀಜನ್‌ನಲ್ಲಿ ಅಷ್ಟು ದಿನ ತೂಕ ತಪ್ಪಿದರೆ ಯಾರು ಇಟ್ಟುಕೊಳ್ಳುತ್ತಾರೆ?

ಇಲ್ಲದ ದುಡ್ಡು 3.4 ಲಕ್ಷ. ಒಬ್ಬ ಡೀಲರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ನಾನು ಆಸೆಯಿಂದ ಟಾರ್ಗೆಟ್‌ಗೆ ಸೇರಿಸಿದ್ದೆ. ಅದು ಯಾವತ್ತೂ ಇರಲೇ ಇಲ್ಲ. ಈ ಸಾಲು ಬರೆಯಲು ಕೈ ನಡುಗಿತು. ಆದರೆ ಬಂದ ಒಂಬತ್ತು ಉತ್ತರಗಳಲ್ಲಿ ಐದರಲ್ಲೋ ಆರರಲ್ಲೋ ಇದೇ ಸಾಲನ್ನು ಮೆಚ್ಚಿ ಬರೆದಿದ್ದರು.

ಮೇಲ್‌ನ ಶುರು ಹೀಗಿತ್ತು: "ಟಾರ್ಗೆಟ್ 80 ಲಕ್ಷ, ಬಂದಿದ್ದು 57.6, ಎರಡೂ ಜಿಎಸ್‌ಟಿ ಬಿಟ್ಟು. ಬ್ಯಾಂಕಿನಲ್ಲಿ ಇವತ್ತು 61 ಲಕ್ಷ. ತಿಂಗಳಿಗೆ 9.5 ಲಕ್ಷ ಕರಗುತ್ತಿದೆ. ಹೀಗೇ ಹೋದರೆ ಸುಮಾರು ಆರೂವರೆ ತಿಂಗಳು." ಆಮೇಲೆ ಆ ಮೂರು ಸಾಲು, ಆಮೇಲೆ ಪ್ಲಾನ್. ಒಟ್ಟು ಫೋನಿನಲ್ಲಿ ಎರಡು ಸ್ಕ್ರೀನ್ ಅಷ್ಟೇ.

ಪ್ಲಾನ್‌ನಲ್ಲಿ ಮುಖ್ಯವಾಗಿ ಮಾಡಿದ್ದು, ತಪ್ಪಿದ ದುಡ್ಡನ್ನು ಮುಂದಿನ ಕ್ವಾರ್ಟರ್ ತಲೆಗೆ ಕಟ್ಟಲಿಲ್ಲ. ಜನವರಿ-ಮಾರ್ಚ್‌ಗೆ ಮೊದಲು 95 ಲಕ್ಷ ಅಂದಿದ್ದೆವು, ಅದನ್ನು 60ಕ್ಕೆ ಇಳಿಸಿದೆ. ಏಳು ಮಿಲ್‌ಗಳಲ್ಲಿ ನಾಲ್ಕು ಮಾತ್ರ 30 ಪರ್ಸೆಂಟ್ ಅಡ್ವಾನ್ಸ್ ಕೊಟ್ಟಿದ್ದವು. ಲೆಕ್ಕಕ್ಕೆ ಆ ನಾಲ್ಕನ್ನೇ ತೆಗೆದುಕೊಂಡೆ, 8 ಲಕ್ಷ. ಮಾತು ಕೊಟ್ಟ ಮೂರು ಮಿಲ್ ಬಂದರೆ ಬರಲಿ ಅಂತ ಹೊರಗಿಟ್ಟೆ.

ಖರ್ಚು ಕಡಿಮೆ ಮಾಡಿ, ತಿಂಗಳಿಗೆ ಕರಗುವ ದುಡ್ಡನ್ನು 9.5ರಿಂದ 7.5 ಲಕ್ಷಕ್ಕೆ ತಂದೆವು. ನಾವಿಬ್ಬರೂ ಸಂಬಳ ಅರ್ಧ ಮಾಡಿಕೊಂಡೆವು, ಅದರಲ್ಲಿ 1.2 ಲಕ್ಷ ಉಳಿಯಿತು. ಬೆಂಗಳೂರಿನ ಆಫೀಸ್ ಖಾಲಿ ಮಾಡಿದ್ದು ಸುಮಾರು 65 ಸಾವಿರ. ದಾಲ್ ಮಿಲ್ ಪ್ರಯೋಗ ನಿಲ್ಲಿಸಿದ್ದು 50 ಸಾವಿರ. ಒಂದು ಕಡೆ ಮಾತ್ರ ಖರ್ಚು ಏರಿಸಿದೆ. ಗಂಗಾವತಿಯಲ್ಲಿ ಒಂದು ರೂಮ್ ಹಿಡಿದು, ಒಬ್ಬ ಸರ್ವಿಸ್ ಹುಡುಗನನ್ನು ಸ್ಪೇರ್ ಲೋಡ್ ಸೆಲ್‌ಗಳ ಜೊತೆ ಅಲ್ಲೇ ಇರಿಸಿದೆ. ಅದು ತಿಂಗಳಿಗೆ 35 ಸಾವಿರ. ಖರ್ಚು ಕಡಿಮೆ ಮಾಡುವಾಗ ಇದೇಕೆ ಅಂತ ಒಬ್ಬರು ಕೇಳಿದರು. ಹತ್ತು ಮಿಲ್ ಕಳೆದುಕೊಂಡ ಸಾಲು ಮೇಲೆಯೇ ಇತ್ತು, ಅದನ್ನೇ ತೋರಿಸಿದೆ.

ದಾಲ್ ಮಿಲ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಕಲಬುರಗಿಯಲ್ಲಿ ತೊಗರಿ ಮಿಲ್‌ಗೆ ಇದೇ ಮೆಷಿನ್ ಹಾಕಿ ಐದು ತಿಂಗಳು ನೋಡಿದೆವು. ಭತ್ತಕ್ಕೆ ಹೊಂದಿಸಿದ ತೇವಾಂಶದ ಸೆನ್ಸರ್ ತೊಗರಿಗೆ ಬೇರೆಯೇ ಅಂಕಿ ಕೊಡುತ್ತಿತ್ತು. ಎಣ್ಣೆ ಹಚ್ಚಿ ಒಣಗಿಸುವ ಹಂತದಲ್ಲಂತೂ ಪೂರ್ತಿ ಗೊಂದಲ. ಇನ್ನೊಂದು ವರ್ಷ ಕೊಟ್ಟರೆ ಸರಿಯಾಗುತ್ತದೆ ಅಂತ ಈಗಲೂ ನನಗೆ ನಂಬಿಕೆ ಇದೆ.

ಪ್ಲಾನ್‌ಗೆ ಒಂದು ತಾರೀಖು ಕಟ್ಟಿದೆ. ಫೆಬ್ರವರಿ 28ರೊಳಗೆ ಆ ನಾಲ್ಕರಲ್ಲಿ ಮೂರು ಮಿಲ್‌ಗಳಲ್ಲಾದರೂ ಮೆಷಿನ್ ಓಡದಿದ್ದರೆ ಸೇಲ್ಸ್‌ನಲ್ಲಿ ಇಬ್ಬರನ್ನು ಬಿಡುತ್ತೇವೆ ಅಂತ ಬರೆದೆ. ಆ ಇಬ್ಬರಿಗೂ ಮೇಲ್ ಕಳಿಸುವ ಮುಂಚೆ ಹೇಳಿದ್ದೆ. ಪಾರ್ಟ್‌ನರ್‌ಗೆ ಇದೇ ಹೆಚ್ಚು ನೋವಾಗಿದ್ದು. ಆದರೆ ಪ್ಲಾನ್ ಕೆಡುತ್ತಿದೆ ಅಂತ ನಮಗೇ ಯಾವಾಗ ಗೊತ್ತಾಗುತ್ತದೆ ಅನ್ನುವುದನ್ನು ಹೇಳದೆ ದುಡ್ಡು ಕೇಳುವುದು ನನಗೆ ಸರಿ ಅನ್ನಿಸಲಿಲ್ಲ.

ಬಾಕಿ ವಸೂಲಿ ಬಗ್ಗೆ ಒಂದು ಉಪಾಯ ಕೊಡುತ್ತೇನೆ. ಹೊರಗೆ 19 ಲಕ್ಷ ನಿಂತಿತ್ತು. ನಮ್ಮದು ಉದ್ಯಮ್ ರಿಜಿಸ್ಟ್ರೇಶನ್ ಇರುವ ಸಣ್ಣ ಘಟಕ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಆಗ ಇದ್ದ 43ಬಿ(ಎಚ್) ಪ್ರಕಾರ ನಮ್ಮಂಥವರ ಬಿಲ್ ಅನ್ನು ಕರಾರು ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ, ಕರಾರು ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ಅವಧಿ ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ವರ್ಷ ಅವರಿಗೆ ಅದು ಖರ್ಚಿನಲ್ಲಿ ಸಿಗುವುದಿಲ್ಲ. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ, ಮಾಲೀಕರಿಗಲ್ಲ, ಅವರ ಸಿಎಗೆ ಕಳಿಸಿದೆ. ಮಾರ್ಚ್‌ನಲ್ಲಿ ಸುಮಾರು 11 ಲಕ್ಷ ಬಂತು. ವರ್ಷದ ಶುಲ್ಕಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಮೆಷಿನ್ ಅವರ ಲೆಕ್ಕದಲ್ಲಿ ಆಸ್ತಿ ಆಗುವುದರಿಂದ ಆ ಬಿಲ್‌ಗೆ ಅಷ್ಟು ಬಿಸಿ ತಟ್ಟುವುದಿಲ್ಲ.

ಮೇಲ್‌ಗೆ ಮುಂಚೆ ಲೀಡ್‌ಗೆ ಫೋನ್ ಮಾಡಿದ್ದೆ, ಏಳು ನಿಮಿಷ. ಅದರಲ್ಲಿ ಮೊದಲು ಏನು ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಇನ್ನೊಂದು, ದಾವಣಗೆರೆಯ ನಮ್ಮ ಹಳೇ ಇನ್ವೆಸ್ಟರ್ ಒಬ್ಬರು ಮೇಲ್ ಓದುವವರಲ್ಲ. ಅವರಿಗೆ ಅದನ್ನೇ ಕನ್ನಡದಲ್ಲಿ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ಸಂಜೆಯೇ ಫೋನ್ ಬಂತು. "ಇಲ್ಲದ ದುಡ್ಡು ಅಂದ್ಯಲ್ಲಪ್ಪ, ಅದನ್ನ ನಾನೂ ಮಂಡಿ ವ್ಯಾಪಾರದ ಲೆಕ್ಕದಲ್ಲಿ ಎಷ್ಟು ಸಲ ಬರೆದೀನಿ ಗೊತ್ತಾ?" ಅಂದರು. ಬ್ರಿಜ್‌ಗೆ ಮೊದಲು ಹ್ಞೂಂ ಅಂದವರು ಅವರೇ. ಬ್ರಿಜ್ ತೆಗೆದುಕೊಂಡಿದ್ದು ಕನ್ವರ್ಟಿಬಲ್ ನೋಟ್‌ನಲ್ಲಿ, ಅಂದರೆ ಆಮೇಲೆ ಷೇರಾಗಿ ಬದಲಾಗಬಲ್ಲ ಸಾಲ. ಅದರಲ್ಲಿ ಒಬ್ಬರಿಂದ ಕನಿಷ್ಠ 25 ಲಕ್ಷ ಒಟ್ಟಿಗೆ ಬರಬೇಕು, ಹಾಗಾಗಿ ಸಣ್ಣ ಮೊತ್ತ ಕೊಡುತ್ತೇವೆ ಅಂದ ಮೂವರಿಗೆ ಬೇಡ ಅನ್ನಬೇಕಾಯಿತು. ದಾವಣಗೆರೆಯವರು ಮತ್ತು ಲೀಡ್, ಇಬ್ಬರೇ ಸೇರಿ 50 ಲಕ್ಷ ಕೊಟ್ಟರು.

ಫೆಬ್ರವರಿ 28ಕ್ಕೆ ನಾಲ್ಕರಲ್ಲಿ ಮೂರು ಮಿಲ್ ಓಡುತ್ತಿದ್ದವು, ನಾಲ್ಕನೆಯದು ಮಾರ್ಚ್ ಮೊದಲ ವಾರ. ಹೊರಗಿಟ್ಟಿದ್ದ ಮೂರರಲ್ಲಿ ಒಂದು ಬಂತು. ಕ್ವಾರ್ಟರ್ ಸುಮಾರು 63 ಲಕ್ಷಕ್ಕೆ ಮುಗಿಯಿತು. ಹೋದ ಹತ್ತು ಮಿಲ್‌ಗಳಲ್ಲಿ ಒಂದೂ ವಾಪಸ್ ಬರಲಿಲ್ಲ. ಏಪ್ರಿಲ್ ಮೇಲ್‌ನಲ್ಲೂ ಅದೇ ಮೂರು ಸಾಲು ಇಟ್ಟೆ. ಹೋದ ದುಡ್ಡಿನ ಸಾಲಿನಲ್ಲಿ ಈ ಸಲ ಒಂದೇ ಮಿಲ್ ಇತ್ತು. ಯಾಕೆ ಹೋಯಿತು ಅಂತ ಎರಡು ಸಾಲು ಬರೆದು ಕಳಿಸಿದೆ.