ಪಾವ್ಲೋವಾ: ಅರ್ಧ ಕೆಲಸ ಓವನ್ ಆರಿಸಿದ ಮೇಲೆ

ರಷ್ಯದ ನರ್ತಕಿ ಅನ್ನಾ ಪಾವ್ಲೋವಾ ಹೆಸರಿನ ಈ ಸಿಹಿಯನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ತಮ್ಮದೆನ್ನುತ್ತವೆ. ಮೊಟ್ಟೆಯ ಬಿಳಿ, ಸಕ್ಕರೆಯ ನೊರೆಯನ್ನು ಬೇಯಿಸಿ ಮಾಡುವ ಮೆರಾಂಗ್ ಪೂರ್ತಿ ಒಣಗಿ ಒಳಗೂ ಪುಡಿಯಾಗುತ್ತದೆ. ಪಾವ್ಲೋವಾ ಹಾಗಲ್ಲ, ಹೊರಗೆ ತೆಳುವಾದ ಗರಿಗರಿ ಚಿಪ್ಪು, ಒಳಗೆ ಮಾರ್ಷ್‌ಮ್ಯಾಲೊ ತರಹದ ಮೆತ್ತನೆಯ ತಿರುಳು. ಎರಡಕ್ಕೂ ಸಾಮಗ್ರಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ಮುಖ್ಯವಾಗಿ ಶಾಖದಿಂದ.

ನಾನು ಬಳಸುವ ಅಳತೆ ಇದು: ನಾಲ್ಕು ಮೊಟ್ಟೆಯ ಬಿಳಿ, ತೂಕದಲ್ಲಿ 120 ಗ್ರಾಂ. ಸಕ್ಕರೆ 220 ಗ್ರಾಂ. ಕಾರ್ನ್‌ಫ್ಲೋರ್ ಎರಡು ಟೀಚಮಚ, ಬಿಳಿ ವಿನೆಗರ್ ಒಂದು ಟೀಚಮಚ. ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ, ಹಾಗಾಗಿ ಮಿಕ್ಸಿಯಲ್ಲಿ ಎರಡು ಮೂರು ಸಲ ತಿರುಗಿಸಿ ಸಣ್ಣ ರವೆಯಷ್ಟು ಮಾಡಿಕೊಳ್ಳುತ್ತೇನೆ. ಬಿಳಿಯನ್ನು ಮೆದು ನೊರೆ ಬರುವವರೆಗೆ ಬೀಟ್ ಮಾಡಿ, ಆಮೇಲೆ ಸಕ್ಕರೆಯನ್ನು ಒಂದೊಂದೇ ಚಮಚ ಹಾಕುತ್ತೇನೆ. ಒಂದು ಚಮಚ ಕರಗದೆ ಮುಂದಿನದು ಬೇಡ. ಸಕ್ಕರೆ ಹಾಕುವುದಕ್ಕೇ ಎಂಟು ಹತ್ತು ನಿಮಿಷ ಬೇಕು. ನೊರೆಯನ್ನು ಬೆರಳುಗಳ ನಡುವೆ ಉಜ್ಜಿದಾಗ ಮರಳು ಮರಳಾಗಿ ಸಿಕ್ಕರೆ ಇನ್ನೂ ಆಗಿಲ್ಲ ಎಂದರ್ಥ. ಆ ಕರಗದ ಸಕ್ಕರೆಯೇ ಬೇಯುವಾಗ ನೀರನ್ನು ಎಳೆದುಕೊಂಡು ಪಾಕವಾಗಿ ಬುಡದಲ್ಲಿ ಜಿನುಗುತ್ತದೆ. ಕೊನೆಯಲ್ಲಿ ಕಾರ್ನ್‌ಫ್ಲೋರ್, ವಿನೆಗರ್ ಸೇರಿಸಿ ಚಮಚದಿಂದ ಮೆಲ್ಲಗೆ ಮಗುಚುತ್ತೇನೆ.

ಬೇಕಿಂಗ್ ಪೇಪರಿನ ಮೇಲೆ 18 ಸೆಂಟಿಮೀಟರ್ ಅಗಲ, ಐದಾರು ಸೆಂಟಿಮೀಟರ್ ಎತ್ತರಕ್ಕೆ ಗುಡ್ಡೆ ಹಾಕಬೇಕು. ಚಪ್ಪಟೆಯಾಗಿ ಹರಡಿದರೆ ಶಾಖ ಒಳಗಿನವರೆಗೂ ಹೋಗಿ ಎಲ್ಲವನ್ನೂ ಒಣಗಿಸುತ್ತದೆ, ಮೆತ್ತನೆಯ ತಿರುಳಿಗೆ ಜಾಗವೇ ಉಳಿಯುವುದಿಲ್ಲ.

ಓವನ್ 150 ಡಿಗ್ರಿಗೆ ಕಾದಿರಬೇಕು. ಟ್ರೇ ಒಳಗಿಟ್ಟು ಬಾಗಿಲು ಮುಚ್ಚಿದ ಕೂಡಲೇ 120ಕ್ಕೆ ಇಳಿಸುತ್ತೇನೆ. ಮೊದಲಿನ ಆ ಹೆಚ್ಚು ಶಾಖ ಮೇಲ್ಮೈಯನ್ನು ಬೇಗ ಗಟ್ಟಿ ಮಾಡುತ್ತದೆ, ನಂತರದ ಕಡಿಮೆ ಶಾಖ ಒಳಭಾಗವನ್ನು ಒಣಗಿಸದೆ ನಿಧಾನವಾಗಿ ಬೇಯಿಸುತ್ತದೆ. 150ರಲ್ಲೇ ಬಿಟ್ಟರೆ ನೊರೆ ಉಬ್ಬಿ, ಚಿಪ್ಪು ಕಂದಾಗಿ, ಮೇಲೆ ಚಿನ್ನದ ಬಣ್ಣದ ಪಾಕದ ಹನಿಗಳು ಮೂಡುತ್ತವೆ. ಕೊನೆಗೆ ಒಳಗೆ ಟೊಳ್ಳಾಗಿ ಕುಸಿಯುತ್ತದೆ. ಫ್ಯಾನ್ ಇರುವ ಓವನ್ ಆದರೆ ಎರಡನ್ನೂ 20 ಡಿಗ್ರಿ ಕಡಿಮೆ ಇಡಿ.

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಓಟಿಜಿ. ಅದರ ಗುಂಡಿಯ ಮೇಲಿನ ಅಂಕಿಯನ್ನು ನಾನು ನಂಬುವುದಿಲ್ಲ. ಒಳಗಿಡುವ ಓವನ್ ಥರ್ಮಾಮೀಟರ್ ಇಲ್ಲದೆ ಪಾವ್ಲೋವಾಕ್ಕೆ ಕೈ ಹಾಕಬೇಡಿ. ಗುಂಡಿ 120ರಲ್ಲಿದ್ದಾಗ ಥರ್ಮಾಮೀಟರ್ 140 ತೋರಿಸಿದರೆ, ಗುಂಡಿಯನ್ನು 100ಕ್ಕೆ ತಂದು ಮತ್ತೆ ನೋಡಿ. ಟ್ರೇ ಕೆಳಗಿನ ಹಂತದಲ್ಲಿರಲಿ, ಮೇಲಿನ ಕಾಯಿಲ್ ಹತ್ತಿರವಾದರೆ ನೆತ್ತಿ ಮೊದಲು ಕಂದಾಗುತ್ತದೆ.

ಒಂದೂಕಾಲು ಗಂಟೆ ಬೇಯಿಸುತ್ತೇನೆ. ಮೊದಲ ಒಂದು ಗಂಟೆ ಬಾಗಿಲು ತೆರೆಯುವಂತಿಲ್ಲ. ಆಮೇಲೆ ಬದಿಯನ್ನು ಬೆರಳಿನಿಂದ ಮುಟ್ಟಿದರೆ ಒಣಗಿ ಗಟ್ಟಿಯಾಗಿರಬೇಕು, ಅಂಟಬಾರದು. ಬಣ್ಣ ಬೆಣ್ಣೆಯಷ್ಟು ಮಸುಕಾಗಿದ್ದರೆ ಸಾಕು. ಅಂಟಿದರೆ ಇನ್ನೂ ಹದಿನೈದು ನಿಮಿಷ ಬಿಡಿ.

ಈಗ ಓವನ್ ಆರಿಸಿ, ಬಾಗಿಲು ಮುಚ್ಚಿಯೇ ಇಡಿ. ಈ ಹಂತದಲ್ಲೇ ಹೆಚ್ಚು ಪಾವ್ಲೋವಾಗಳು ಹಾಳಾಗುವುದು. ಬಿಸಿ ಇರುವಾಗ ಒಳಗಿನ ಗುಳ್ಳೆಗಳಲ್ಲಿ ಗಾಳಿಯೂ ಆವಿಯೂ ಹಿಗ್ಗಿರುತ್ತವೆ. ಹೊರಗಿನ ತಣ್ಣನೆ ಗಾಳಿಗೆ ಒಮ್ಮೆಲೇ ತಂದರೆ ಅವು ಥಟ್ಟನೆ ಕುಗ್ಗುತ್ತವೆ. ಮೆತ್ತನೆಯ ತಿರುಳು ಇಳಿಯುತ್ತದೆ, ಬಗ್ಗದ ಚಿಪ್ಪು ಒಡೆಯುತ್ತದೆ. ಓವನ್ ಜೊತೆಗೇ ಇಳಿಯುವ ಶಾಖ ಚಿಪ್ಪನ್ನು ಇನ್ನಷ್ಟು ಒಣಗಿಸುತ್ತದೆ ಕೂಡ. ದೊಡ್ಡ ಓವನ್‌ನಲ್ಲಿ ಪೂರ್ತಿ ತಣ್ಣಗಾಗಲು ಮೂರು ನಾಲ್ಕು ಗಂಟೆ ಬೇಕು, ಹಾಗಾಗಿ ರಾತ್ರಿ ಬೇಯಿಸಿ ಬೆಳಿಗ್ಗೆ ತೆಗೆಯುವುದು ಸಲೀಸು. ಓಟಿಜಿಯ ತೆಳು ತಗಡು ಬೇಗ ಆರಿಹೋಗುತ್ತದೆ. ಅದಕ್ಕೇ ಕೊನೆಯ ಇಪ್ಪತ್ತು ನಿಮಿಷ 100 ಡಿಗ್ರಿಗೆ ಇಳಿಸಿ, ಆಮೇಲೆ ಆರಿಸುತ್ತೇನೆ. ಶಾಖ ಮೆಟ್ಟಿಲು ಮೆಟ್ಟಿಲಾಗಿ ಇಳಿದಂತಾಗುತ್ತದೆ. ಇಷ್ಟು ಮಾಡಿದರೂ ಸಣ್ಣ ಬಿರುಕು, ನಡುವೆ ಸ್ವಲ್ಪ ತಗ್ಗು ಇರುತ್ತದೆ. ಅದು ದೋಷವಲ್ಲ, ಕ್ರೀಮ್ ಕೂರುವುದೇ ಆ ತಗ್ಗಿನಲ್ಲಿ.

ಸಕ್ಕರೆ ಗಾಳಿಯ ತೇವವನ್ನು ಹೀರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಹೊರಗಿಟ್ಟ ಚಿಪ್ಪು ಬೇಗನೆ ಅಂಟಂಟಾಗುತ್ತದೆ, ಫ್ರಿಜ್ ಒಳಗೂ ಅದೇ ಗತಿ. ತಣ್ಣಗಾದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿದರೆ ಒಂದೆರಡು ದಿನ ನಿಲ್ಲುತ್ತದೆ. ಸಕ್ಕರೆ ಹಾಕದೆ ಬೀಟ್ ಮಾಡಿದ ಕ್ರೀಮ್, ಹುಳಿಯಿರುವ ಹಣ್ಣು, ಕೊಡಗಿನ ಪ್ಯಾಷನ್ ಫ್ರೂಟ್ ಸಿಕ್ಕರೆ ಅದೇ, ಇವೆಲ್ಲ ಬಡಿಸುವ ಹದಿನೈದು ನಿಮಿಷ ಮುಂಚೆ ಮಾತ್ರ ಮೇಲೇರಬೇಕು.