"ಏನಂತ ಕರೀತೀರಿ?" ಅಂತ ಕೇಳಿದ ಮೇಲೆ ಸಂತಾಪ ಬರೆಯೋದು ಸರಿಹೋಯಿತು

ತಿಪಟೂರಿನಲ್ಲಿ ನಮ್ಮದು ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ. ಹದಿನಾರು ಹದಿನೇಳು ವರ್ಷ ಆಯಿತು. ತಿಥಿ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸ್ ಮೊದಲಿಂದಲೂ ಮಾಡುತ್ತಿದ್ದೇವೆ. ಈಚೆಗೆ ಇನ್ನೊಂದು ಕೆಲಸ ಜಾಸ್ತಿ ಆಗಿದೆ. "ಒಂದು ಸಂತಾಪ ಬರ್ಕೊಡಿ ಸಾರ್, ವಾಟ್ಸಾಪ್‌ಗೆ ಹಾಕ್ಬೇಕು" ಅಂತ ಬರುತ್ತಾರೆ. ಅಷ್ಟೇ ಹೇಳುತ್ತಾರೆ. ಯಾರು ತೀರಿಕೊಂಡರು, ಇವರಿಗೆ ಏನಾಗಬೇಕು, ಹೇಗಾಯಿತು, ಆ ಮನೆಯವರು ಎಂಥವರು, ಒಂದೂ ಹೇಳುವುದಿಲ್ಲ.

ಮೊದಮೊದಲು ನಾನೂ ಎಲ್ಲರಂತೆ ಹಳೇ ಫೈಲ್ ತೆಗೆದು ಹೆಸರು ಬದಲಾಯಿಸಿ ಕೊಡುತ್ತಿದ್ದೆ. "ತುಂಬು ಜೀವನ ನಡೆಸಿದ", "ತುಂಬಲಾರದ ನಷ್ಟ", "ದುಃಖ ಭರಿಸುವ ಶಕ್ತಿಯನ್ನು ದೇವರು ಕರುಣಿಸಲಿ". ಈ ಸಾಲುಗಳು ಎಲ್ಲ ಅಂಗಡಿಯವರ ಹತ್ತಿರವೂ ಇವೆ. ಒಮ್ಮೆ "ತುಂಬು ಜೀವನ" ಅನ್ನೋದು ಹಾಗೇ ಉಳಿದುಹೋಯಿತು. ತೀರಿಕೊಂಡವರಿಗೆ ಇನ್ನೂ ಮೂವತ್ತೆರಡೋ ಮೂವತ್ಮೂರೋ. ಬರೆಸಿಕೊಂಡು ಹೋದವರು ಮತ್ತೆ ನಮ್ಮ ಅಂಗಡಿ ಕಡೆ ಬರಲಿಲ್ಲ. ಇನ್ನೊಂದು ಸಲ ಲಿಂಗಾಯತರ ಮನೆಗೆ ಹಂಚಬೇಕಾದ ಮುನ್ನೂರು ಕಾರ್ಡಿನಲ್ಲಿ "ಸ್ವರ್ಗಸ್ಥರಾದ" ಅಂತ ಹಾಕಿಬಿಟ್ಟೆ. "ನಮ್ಮಲ್ಲಿ ಲಿಂಗೈಕ್ಯ ಅಂತಾರಲ್ಲಪ್ಪ, ಇದೇನು?" ಅಂದರು ಆ ಮನೆಯ ಹಿರಿಯರು. ಮುನ್ನೂರನ್ನೂ ಮತ್ತೆ ಹೊಡೆದುಕೊಟ್ಟೆ. ಎರಡು ಸಾವಿರದ ಮೇಲೆ ಕೈಯಿಂದ ಹೋಯಿತು. ಫ್ಲೆಕ್ಸಿನಲ್ಲೂ ಹೀಗೆ ನಾಲ್ಕೈದು ಸಲ ಆಗಿದೆ. ಆರು ಬೈ ನಾಲ್ಕರದ್ದು ಒಂದು ಹಾಳಾದರೆ ಮುನ್ನೂರು ಮುನ್ನೂರೈವತ್ತು ರೂಪಾಯಿ ಲೆಕ್ಕ.

ಆಮೇಲೆ ಇಪ್ಪತ್ತು ಮಾದರಿ ಬರೆದು, ಲ್ಯಾಮಿನೇಷನ್ ಮಾಡಿಸಿ, ಕೌಂಟರ್ ಮೇಲೆ ಇಟ್ಟೆ. ತಾಯಿಗೆ ಒಂದು, ಸಹೋದ್ಯೋಗಿಗೆ ಒಂದು, ಅಪಘಾತಕ್ಕೆ ಒಂದು. ಪ್ರಯೋಜನ ಆಗಲಿಲ್ಲ. ಬಂದವರು ಉದ್ದ ಇರುವುದನ್ನೇ ಆರಿಸುತ್ತಿದ್ದರು. ಉದ್ದ ಇದ್ದರೆ ದುಃಖ ಜಾಸ್ತಿ ಕಾಣುತ್ತದೆ ಅಂತ ಅವರ ಲೆಕ್ಕ. ಉದ್ದ ಇರುವುದರಲ್ಲೇ ತಪ್ಪಾಗುವ ಮಾತೂ ಜಾಸ್ತಿ ಇರುತ್ತದೆ. ಎರಡು ತಿಂಗಳಲ್ಲಿ ಆ ಹಾಳೆಗಳನ್ನು ತೆಗೆದಿಟ್ಟೆ.

ನೇರವಾಗಿ ಕೇಳಿಯೂ ನೋಡಿದೆ. "ನಿಮಗೆ ಏನಾಗಬೇಕು? ಹೇಗೆ ತೀರಿಕೊಂಡರು?" ಅಂತ. ಜನ ಮುಖ ಬಿಗಿ ಮಾಡಿಕೊಳ್ಳುತ್ತಾರೆ. ಹೇಳಬಾರದ್ದು ಇದ್ದರೆ ಸುಮ್ನೆ ಒಂದು ಸುಳ್ಳು ಹೇಳುತ್ತಾರೆ. ಅದೇ ಸುಳ್ಳಿನ ಮೇಲೆ ನಾನು ಬರೆಯಬೇಕು. ಪಕ್ಕದ ಅಂಗಡಿಯವರು, "ಅಣ್ಣ, ಸಾವಿನ ಸುದ್ದಿ ಹಿಡ್ಕೊಂಡು ಬಂದವರಿಗೆ ಪ್ರಶ್ನೆ ಹಾಕ್ಬಾರ್ದು. ಬರ್ದು ಕೊಟ್ಟು ಕಳಿಸು" ಅಂದರು. ನನಗೆ ಒಪ್ಪಲಾಗಲಿಲ್ಲ. ಪ್ರಶ್ನೆ ಬೇಕೇ ಬೇಕು, ಕೇಳುವ ರೀತಿ ಬೇರೆಯಾಗಬೇಕು ಅನ್ನಿಸಿತು.

ಈಗ ನಾನು ಕೇಳೋದು ಎರಡೇ. ಮೊದಲನೆಯದು: "ಇದನ್ನ ಓದೋರನ್ನ ನೀವು ಏನಂತ ಕರೀತೀರಿ?" ಎರಡನೆಯದು: "ಮನೆಯವರು ಸ್ಟೇಟಸ್ ಹಾಕಿದ್ರೆ ತೋರಿಸ್ತೀರಾ?"

ಮೊದಲನೆಯ ಪ್ರಶ್ನೆಗೆ ಯಾರೂ ಯೋಚಿಸುವುದಿಲ್ಲ. ತಟ್ಟನೆ ಉತ್ತರ ಬರುತ್ತದೆ. "ಸಾರ್ ಅಂತೀನಿ", "ಅಕ್ಕ ಅಂತೀನಿ", "ಹೆಸರು ಹಿಡಿದೇ ಕರೀತೀನಿ". ಆ ಒಂದು ಮಾತಿನಲ್ಲಿ ಸಂಬಂಧವೂ ಸಿಗುತ್ತದೆ, ಧಾಟಿಯೂ ಸಿಗುತ್ತದೆ. "ನೀನು" ಅನ್ನೋ ಗೆಳೆಯನಿಗೆ "ನಿಮ್ಮ ದುಃಖದಲ್ಲಿ" ಅಂತ ಬರೆದರೆ ಆಫೀಸಿನಿಂದ ಬಂದ ಕಾಗದದಂತೆ ಆಗುತ್ತದೆ ಅಲ್ವಾ? ಮೇಲಧಿಕಾರಿಗೆ "ನಿನ್ನ ಜೊತೆ ಇದ್ದೀನಿ" ಅಂತ ಬರೆಯಲಿಕ್ಕೂ ಆಗುವುದಿಲ್ಲ.

ಎರಡನೆಯದರಲ್ಲಿ ನಾನು ನೋಡೋದು ಕ್ರಿಯಾಪದದ ಕೊನೆಯನ್ನು. "ನಿಧನರಾದರು" ಅಂತ ಇದ್ದರೆ ದೊಡ್ಡವರು. "ನಮ್ಮನ್ನು ಅಗಲಿದ್ದಾನೆ", "ಅಗಲಿದ್ದಾಳೆ" ಅಂತ ಇದ್ದರೆ ಚಿಕ್ಕವರು, ಮನೆಯವರು ಏಕವಚನದಲ್ಲಿ ಮುದ್ದಿನಿಂದ ಕರೆಯುತ್ತಿದ್ದವರು. ಆ ಮಗುವಿಗೋ ಹುಡುಗನಿಗೋ ನಾವು "ಅವರು" ಅಂತ ಬರೆದರೆ ತಾಯಿಗೆ ಯಾರದೋ ಸುದ್ದಿ ಓದಿದ ಹಾಗಾಗುತ್ತದೆ. ಜೊತೆಗೆ ಆ ಮನೆಯ ಪದ ಅಲ್ಲಿ ಇರುತ್ತದೆ. ಲಿಂಗೈಕ್ಯ, ದೈವಾಧೀನ, ಮುಸ್ಲಿಮರ ಮನೆಯಾದರೆ ಇಂತಿಕಾಲ್, ಇಲ್ಲವೇ ಬರೀ ನಿಧನ. ಅವರು ಬಳಸಿದ ಪದವನ್ನೇ ನಾನೂ ಎತ್ತಿಕೊಳ್ಳುತ್ತೇನೆ. ಇಂತಿಕಾಲ್ ಅಂತ ಇದ್ದಲ್ಲಿ ದೀಪದ ಚಿತ್ರ ಅಂಟಿಸುವುದಿಲ್ಲ. ಬರೀ "ನಿಧನ" ಅಂತ ಇದ್ದು ದೇವರ ಮಾತೇ ಇಲ್ಲದಿದ್ದರೆ ನಾನೂ ದೇವರನ್ನು ತರುವುದಿಲ್ಲ. ಕಾರಣ ಬರೆದಿಲ್ಲ ಅಂದರೆ ಕಾರಣದ ಹತ್ತಿರವೂ ಹೋಗುವುದಿಲ್ಲ.

ಹೋದ ವರ್ಷ ಒಂದು ಸಂಜೆ ಬಾಗಿಲು ಹಾಕೋ ಹೊತ್ತಿಗೆ ಒಬ್ಬರು ಬಂದರು. ಸಂತಾಪ ಬೇಕು ಅಂದರು, ಮುಂದೆ ಮಾತಿಲ್ಲ. ಏನಂತ ಕರೀತೀರಿ ಅಂದೆ. "ಅತ್ತಿಗೆ" ಅಂದರು. ಸ್ಟೇಟಸ್ ತೋರಿಸಿದರು. ಒಬ್ಬ ಹುಡುಗನ ಫೋಟೋ, ಕೆಳಗೆ "ನನ್ನ ತಮ್ಮ ನಮ್ಮನ್ನು ಅಗಲಿದ್ದಾನೆ" ಅಂತ ಒಂದೇ ಸಾಲು. ಕಾರಣ ಇಲ್ಲ, ದೇವರ ಹೆಸರಿಲ್ಲ. "ಆ ಹುಡುಗನನ್ನ ಕೊನೇ ಸಲ ಯಾವಾಗ ನೋಡಿದ್ರಿ?" ಅಂತ ಒಂದು ಮಾತು ಕೇಳಿದೆ. ದೀಪಾವಳಿಗೆ, ಮಕ್ಕಳನ್ನ ಬೈಕಲ್ಲಿ ಬೀದಿಯೆಲ್ಲ ಸುತ್ತಿಸಿದ್ದ ಅಂದರು. ಶನಿವಾರ ಇಬ್ಬರೂ ಹೋಗ್ತೀವಿ ಅಂತಲೂ ಅಂದರು. ಹೀಗೆ ಬರೆದುಕೊಟ್ಟೆ:

"ಅತ್ತಿಗೆ, ತಮ್ಮನ ಸುದ್ದಿ ಕೇಳಿದಾಗಿನಿಂದ ಏನು ಹೇಳಬೇಕೋ ತೋಚುತ್ತಿಲ್ಲ. ದೀಪಾವಳಿಗೆ ಬಂದಾಗ ಅವನು ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೀದಿಯೆಲ್ಲ ಸುತ್ತಿಸಿದ್ದೇ ಕಣ್ಣಮುಂದೆ ಇದೆ. ನೀವು ಇದಕ್ಕೆ ಉತ್ತರ ಬರೆಯಬೇಡಿ. ಶನಿವಾರ ನಾವಿಬ್ಬರೂ ಬರುತ್ತೇವೆ."

"ಇಷ್ಟೇನಾ?" ಅಂದರು. ಇಷ್ಟೇ ಸಾಕು ಅಂದೆ. ಅನುಮಾನದಲ್ಲೇ ತೆಗೆದುಕೊಂಡು ಹೋದರು. ಎರಡು ವಾರ ಬಿಟ್ಟು ಬಂದು, "ಅತ್ತಿಗೆ ಅದೊಂದನ್ನೇ ಮತ್ತೆ ಮತ್ತೆ ಓದಿದ್ರಂತೆ" ಅಂದರು. ಹುಡುಗ ಹೇಗೆ ಹೋದ ಅಂತಲೂ ಆಗಲೇ ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಹಳೇ ಫೈಲಿನ "ವಿಧಿಯಾಟ", "ದೇವರ ಇಚ್ಛೆ" ಹಾಕಿದ್ದರೆ ಆ ಅಕ್ಕನಿಗೆ ಎಷ್ಟು ಚುಚ್ಚುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕಸಿವಿಸಿ ಆಗುತ್ತದೆ. ಪ್ರಶ್ನೆ ಹಾಕಬೇಡ ಅಂದಿದ್ದ ಪಕ್ಕದವರು ಈಗ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಒಂದಕ್ಕೆ ಐವತ್ತು ರೂಪಾಯಿ ತಗೋತೀನಿ. ತಿಂಗಳಿಗೆ ಇಪ್ಪತ್ತೈದು ಮೂವತ್ತು ಬರುತ್ತವೆ.

ಎರಡು ಪ್ರಶ್ನೆಗೂ ಉತ್ತರ ಸಿಗದೆ ಇರೋದೂ ಉಂಟು. ಯಾವುದೋ ಆಫೀಸಿನಿಂದ ಅಟೆಂಡರ್ ಬಂದಿರುತ್ತಾನೆ. ಚೀಟಿಯಲ್ಲಿ ತೀರಿಕೊಂಡವರ ಹೆಸರು ಇರುತ್ತದೆ, ಅಷ್ಟೇ. ಆಗ ಆ ಹೆಸರಿನ ಮುಂದೆ ಇದನ್ನು ಸೇರಿಸಿ ಕೊಡುತ್ತೇನೆ: "ಇವರು ಇನ್ನಿಲ್ಲ ಎಂದು ತಿಳಿದು ತುಂಬಾ ನೋವಾಯಿತು. ಈ ಹೊತ್ತಿನಲ್ಲಿ ನಾವು ನಿಮ್ಮ ಮತ್ತು ಮನೆಯವರೆಲ್ಲರ ಜೊತೆಗಿದ್ದೇವೆ." ಇದರಲ್ಲಿ ವಯಸ್ಸಿಲ್ಲ, ಕಾರಣವಿಲ್ಲ, ಆತ್ಮ ಸ್ವರ್ಗ ಇಲ್ಲ, "ಸಜ್ಜನರು" ಅನ್ನೋ ಹೊಗಳಿಕೆಯೂ ಇಲ್ಲ. "ಇವರು" ಅಂದಿದ್ದರಿಂದ ಗಂಡೋ ಹೆಣ್ಣೋ ಅನ್ನೋ ತೊಂದರೆಯೂ ಇಲ್ಲ. ಚಿಕ್ಕ ಮಕ್ಕಳಿಗೆ ಮಾತ್ರ ಇದು ನಡೆಯುವುದಿಲ್ಲ. ಅದಕ್ಕೇ "ದೊಡ್ಡವರಾ, ಚಿಕ್ಕವರಾ?" ಅಂತ ಆಫೀಸಿಗೆ ಫೋನ್ ಮಾಡಿಸಿಯಾದರೂ ಕೇಳುತ್ತೇನೆ. ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಸಹಿ ಹಾಕುವವರು ಅಲ್ಲಿ ಕೈಯಲ್ಲೇ ಒಂದು ಸಾಲು ಬರೆಯಲಿ ಅಂತ ಹೇಳಿ ಕಳಿಸುತ್ತೇನೆ. ಅರ್ಧದಷ್ಟು ಜನ ಬರೆಯುತ್ತಾರಂತೆ. ಉಳಿದವರೂ ಬರೆಯುವ ಹಾಗೆ ಆ ಜಾಗದ ಮೇಲೆ ಏನು ಅಚ್ಚು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ವರ್ಷದ ಪುಣ್ಯಸ್ಮರಣೆ ಫ್ಲೆಕ್ಸಿಗೂ ಇದನ್ನೇ ಹಚ್ಚಿ ನೋಡುತ್ತಿದ್ದೇನೆ. "ನೀವು ಅವರನ್ನ ಏನಂತ ಕರೀತಿದ್ರಿ?" ಅಂತ ಕೇಳಿ, ಆ ಕರೆಯನ್ನೇ ದೊಡ್ಡ ಅಕ್ಷರದಲ್ಲಿ ಮೇಲೆ ಹಾಕುವುದು. ಹೋದ ವಾರ ಒಂದು ಮನೆಗೆ ಬರೀ "ಅಜ್ಜೀ" ಅಂತ ಹಾಕಿಕೊಟ್ಟೆ. ಹಣ ಕೊಡಲು ಬಂದ ಮೊಮ್ಮಗ ಕೌಂಟರ್ ಹತ್ತಿರವೇ ತುಂಬಾ ಹೊತ್ತು ನಿಂತಿದ್ದ.