ಬಾಡಿಗೆ ಕರಾರಿನ ಫೋಟೊದಿಂದ ತಿಂಗಳವಾರು ಪಟ್ಟಿ ಮಾಡಿಕೊಳ್ಳುವುದು ಹೇಗೆ?

ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಅಂಗಡಿ ಮಳಿಗೆ ಎಂದುಕೊಳ್ಳಿ. ಐದು ವರ್ಷದ ಕರಾರು, 16 ಜೂನ್ 2023ರಿಂದ ಶುರು. ಮೊದಲ ವರ್ಷ ತಿಂಗಳಿಗೆ 20,000 ರೂಪಾಯಿ, ಆಮೇಲೆ ವರ್ಷಕ್ಕೆ ಶೇ 5 ಏರಿಕೆ. ಮೂಲ ಪತ್ರ ಮಾಲೀಕರ ಬೀರುವಿನಲ್ಲಿದೆ. ನಿಮ್ಮ ಹತ್ತಿರ ಇರುವುದು ಬಾಡಿಗೆ ಷೆಡ್ಯೂಲ್ ಪುಟದ ಒಂದು ಫೋಟೊ, ಅದೂ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು. ಅದರಲ್ಲಿ ಇರುವುದು ಐದೇ ಸಾಲು. ಯಾವ ತಿಂಗಳು ಎಷ್ಟು ಕಟ್ಟಬೇಕು ಎಂಬುದು ಆ ಐದು ಸಾಲಿನಲ್ಲಿ ನೇರವಾಗಿ ಸಿಗುವುದಿಲ್ಲ.

ಮೊದಲು ಫೋಟೊ. ಮಾಮೂಲಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಅಂಕಿ ಮಸುಕಾಗುತ್ತವೆ. ಅದನ್ನೇ 'ಡಾಕ್ಯುಮೆಂಟ್' ಆಗಿ ಇನ್ನೊಮ್ಮೆ ಕಳಿಸಲು ಹೇಳಿ. ಷೆಡ್ಯೂಲ್ ಪುಟ ಒಂದೇ ಸಾಲದು. ಏರಿಕೆಯ ಷರತ್ತು, ಬಾಡಿಗೆ ಯಾವತ್ತಿನಿಂದ ಶುರು, ಪ್ರತಿ ತಿಂಗಳು ಯಾವ ತಾರೀಖಿನೊಳಗೆ ಕಟ್ಟಬೇಕು ಎಂದು ಬರೆದಿರುವ ಪುಟಗಳೂ ಬೇಕು.

ಚಿತ್ರದಿಂದ ಅಕ್ಷರ ಎತ್ತಿಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಐದು ಸಾಲಿಗೆ ಅದೆಲ್ಲ ಯಾಕೆ? ಕೈಯಲ್ಲೇ ಟೈಪ್ ಮಾಡುವುದು ಬೇಗ, ತಪ್ಪೂ ಕಡಿಮೆ. ಕರಾರುಗಳಲ್ಲಿ ಮೊತ್ತದ ಕೊನೆಗೆ '/-' ಹಾಕುವ ರೂಢಿ ಇದೆಯಲ್ಲ, ಆ ಓರೆ ಗೆರೆಯನ್ನು ಆ್ಯಪ್ ಎಷ್ಟೋ ಸಲ 1 ಎಂದು ಓದುತ್ತದೆ. ಆಗ 23,153 ಹೋಗಿ 2,31,531 ಆಗಿ ಕೂರುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಪರವಾಗಿಲ್ಲ. ಬೀಳದೇ ಇರುವುದು 3 ಮತ್ತು 8ರ ಗೊಂದಲ.

ನಮ್ಮ ಷೆಡ್ಯೂಲ್‌ನಲ್ಲಿ ಹೀಗಿದೆ: 20,000, 21,000, 22,050, 23,153, 24,310. ಟೈಪ್ ಮಾಡಿದ ಮೇಲೆ ಪ್ರತಿ ಸಾಲನ್ನೂ ಹಿಂದಿನದರ ಜೊತೆ ಹೋಲಿಸಿ. 22,050ರ ಶೇ 5 ಅಂದರೆ 1,102 ರೂಪಾಯಿ 50 ಪೈಸೆ. ಸೇರಿಸಿದರೆ 23,152.50, ಪೂರ್ತಿ ರೂಪಾಯಿಗೆ ತಂದರೆ 23,153. ನೀವು 23,158 ಎಂದು ಓದಿದ್ದರೆ ಇಲ್ಲೇ ಸಿಕ್ಕಿಬೀಳುತ್ತೀರಿ. ಅನುಮಾನ ಬಂದರೆ ಪಕ್ಕದಲ್ಲಿ ಅಕ್ಷರದಲ್ಲಿ ಬರೆದ ಮೊತ್ತ ನೋಡಿ.

ಕೊನೆಯ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. 23,153ಕ್ಕೆ ಶೇ 5 ಸೇರಿಸಿದರೆ 24,311 ಬರುತ್ತದೆ, ಪತ್ರದಲ್ಲಿರುವುದು 24,310. ಇದು ತಪ್ಪಲ್ಲ. ಪತ್ರ ಬರೆದವರು ಪೈಸೆ ಬಿಡದೆ 23,152.50ರ ಮೇಲೆ ಲೆಕ್ಕ ಹಾಕಿ, ಕೊನೆಗೆ ದುಂಡು ಮಾಡಿದ್ದಾರೆ. ಅದಕ್ಕೇ ಬಾಡಿಗೆಯನ್ನು ಸೂತ್ರ ಹಾಕಿ ಬರಿಸಬೇಡಿ, ಪತ್ರದಲ್ಲಿ ಅಚ್ಚಾದ ಅಂಕಿಯನ್ನೇ ಟೈಪ್ ಮಾಡಿ. ಸೂತ್ರ ಇರಲಿ, ತಾಳೆ ನೋಡುವುದಕ್ಕೆ ಮಾತ್ರ.

ಒಂದು ವೇಳೆ ಪತ್ರದಲ್ಲಿ ಮೂರನೇ ವರ್ಷಕ್ಕೆ 22,050 ಬದಲು 22,000 ಇದ್ದರೆ? ಆಗ ಏರಿಕೆ ಪ್ರತಿ ವರ್ಷವೂ ಮೊದಲ ಬಾಡಿಗೆಯ ಮೇಲೆ ಎಂದರ್ಥ. ಐದನೇ ವರ್ಷಕ್ಕೆ ಬರುವಷ್ಟರಲ್ಲಿ ತಿಂಗಳಿಗೆ 310 ರೂಪಾಯಿ ವ್ಯತ್ಯಾಸ. ಷರತ್ತಿನಲ್ಲಿ 'ಹಿಂದಿನ ವರ್ಷದ ಬಾಡಿಗೆಯ ಮೇಲೆ' ಎಂದಿದ್ದು ಷೆಡ್ಯೂಲ್‌ನಲ್ಲಿ 22,000 ಇದ್ದರೆ, ಯಾವುದು ಸರಿ ಎಂದು ನೀವೇ ತೀರ್ಮಾನ ಮಾಡಬೇಡಿ. ಮಾಲೀಕರನ್ನು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಈಗ ಅಸಲಿ ತೊಡಕು. ಕರಾರು ಶುರುವಾಗಿದ್ದು ತಿಂಗಳ ಮಧ್ಯೆ. ಬಾಡಿಗೆ ತಿಂಗಳು 16ರಿಂದ ಮುಂದಿನ 15ರವರೆಗೆ ಎಂದು ಬರೆದಿದ್ದರೆ ಕೆಲಸ ಸಲೀಸು: 60 ಸಾಲು, ವರ್ಷಕ್ಕೆ ಹನ್ನೆರಡರಂತೆ. ಆದರೆ 'ಆಯಾ ಇಂಗ್ಲಿಷ್ ತಿಂಗಳ ಬಾಡಿಗೆ' ಎಂದಿದ್ದರೆ ಪ್ರತಿ ಜೂನ್‌ನಲ್ಲೂ ಎರಡು ದರ ಬರುತ್ತವೆ. ಮೊದಲ 15 ದಿನ ಹಳೆಯದು, ಉಳಿದ 15 ದಿನ ಹೊಸದು. ಪಟ್ಟಿಯಲ್ಲಿ 61 ಸಾಲು ಆಗುತ್ತವೆ, ಮೊದಲನೆಯದೂ ಕೊನೆಯದೂ ಅರ್ಧ ತಿಂಗಳು. ನಮ್ಮ ಕರಾರು ಇಂಥದ್ದು ಎಂದುಕೊಂಡು ಮುಂದುವರಿಯೋಣ.

ಗೂಗಲ್ ಶೀಟ್ಸ್‌ನಲ್ಲಿ ಹೊಸ ಹಾಳೆ ತೆರೆಯಿರಿ. ಫೈಲ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಇಂಡಿಯಾ ಇರಲಿ. ಅಮೆರಿಕ ಇದ್ದರೆ 16/06/2023 ತಾರೀಖೇ ಆಗುವುದಿಲ್ಲ, ಸುಮ್ನೆ ಅಕ್ಷರವಾಗಿ ಉಳಿಯುತ್ತದೆ. ಹಾಗೆ ಉಳಿದದ್ದು ಮನೆಯ ಎಡ ಅಂಚಿಗೆ ಅಂಟಿಕೊಂಡಿರುತ್ತದೆ, ನಿಜವಾದ ತಾರೀಖು ಬಲಕ್ಕೆ ಸರಿಯುತ್ತದೆ.

H2ರಿಂದ H6ರವರೆಗೆ ಪ್ರತಿ ವರ್ಷದ ಶುರುವಿನ ತಾರೀಖು, I2ರಿಂದ I6ರವರೆಗೆ ಅದರ ಬಾಡಿಗೆ. ಆಮೇಲೆ ಇನ್ನೊಂದು ಸಾಲು ಸೇರಿಸಿ: H7ರಲ್ಲಿ 16/06/2028, I7ರಲ್ಲಿ 0. ಇದಿಲ್ಲದಿದ್ದರೆ ಕರಾರು ಮುಗಿದ ಮೇಲೂ ಹಾಳೆ ಬಾಡಿಗೆ ಎಣಿಸುತ್ತಲೇ ಇರುತ್ತದೆ.

A2ರಲ್ಲಿ 01/06/2023 ಹಾಕಿ. ಉಳಿದದ್ದು ಹೀಗೆ:

```
A3: =EDATE(A2,1)
B2: =EOMONTH(A2,0)
C2: =IFERROR(VLOOKUP(A2,$H$2:$I$7,2,TRUE),0)
D2: =VLOOKUP(B2,$H$2:$I$7,2,TRUE)
E2: =ROUND((C2*15+D2*(DAY(B2)-15))/DAY(B2),2)
```

A3ಯನ್ನು ಮತ್ತು ಉಳಿದ ನಾಲ್ಕನ್ನು 62ನೇ ಸಾಲಿನವರೆಗೆ ಎಳೆಯಿರಿ. A, B ಕಾಲಂಗಳಲ್ಲಿ ತಾರೀಖಿನ ಬದಲು 45 ಸಾವಿರದ ಆಸುಪಾಸಿನ ಅಂಕಿ ಕಂಡರೆ ಗಾಬರಿ ಬೇಡ, ಫಾರ್ಮ್ಯಾಟ್ ಅನ್ನು ಡೇಟ್‌ಗೆ ಬದಲಿಸಿ.

C ಎಂದರೆ ತಿಂಗಳ ಮೊದಲ ದಿನದ ದರ, D ಎಂದರೆ ಕೊನೆಯ ದಿನದ ದರ. ಹನ್ನೊಂದು ತಿಂಗಳು ಎರಡೂ ಒಂದೇ, ಹಾಗಾಗಿ E ಕೂಡ ಅದೇ. ಜೂನ್‌ನಲ್ಲಿ ಮಾತ್ರ ಬೇರೆ. ಸೂತ್ರದಲ್ಲಿರುವ 15 ಹಳೆ ದರದ ದಿನಗಳು. ನಿಮ್ಮ ಕರಾರು 10ನೇ ತಾರೀಖು ಶುರುವಾಗಿದ್ದರೆ ಎರಡೂ ಕಡೆ 9 ಹಾಕಿ. C2ರಲ್ಲಿ IFERROR ಇರುವುದು 1 ಜೂನ್ 2023ಕ್ಕೆ ಕರಾರೇ ಇರಲಿಲ್ಲ ಎಂಬ ಕಾರಣಕ್ಕೆ. Dಯಲ್ಲಿ ಬೇಕಂತಲೇ ಹಾಕಿಲ್ಲ. H ಕಾಲಂನ ತಾರೀಖುಗಳು ಕೆಟ್ಟಿದ್ದರೆ ಅಲ್ಲಿ `#N/A` ಎದ್ದು ಕಾಣಲಿ.

ಬರಬೇಕಾದ ಉತ್ತರ ನೋಡಿ. ಜೂನ್ 2023ಕ್ಕೆ 10,000. ಜೂನ್ 2024ಕ್ಕೆ 20,500. ಜೂನ್ 2025ಕ್ಕೆ 21,525. ಜೂನ್ 2026ಕ್ಕೆ 22,601.50. ಜೂನ್ 2027ಕ್ಕೆ 23,731.50. ಕೊನೆಯ ಜೂನ್ 2028ಕ್ಕೆ 12,155.

ಇನ್ನು ಒಟ್ಟು ಮೊತ್ತದ ಪರೀಕ್ಷೆ. ಖಾಲಿ ಮನೆಗಳಲ್ಲಿ ಇವೆರಡನ್ನು ಹಾಕಿ:

```
=SUM(E2:E62)
=12*SUM(I2:I6)
```

ಎರಡೂ 13,26,156 ಆಗಬೇಕು. ಒಂದು ವರ್ಷದ ಜೂನ್‌ನ ಅರ್ಧ, ಮುಂದಿನ ವರ್ಷದ ಜೂನ್‌ನ ಇನ್ನರ್ಧ ಸೇರಿ ಪೂರ್ತಿ ತಿಂಗಳಾಗುವುದರಿಂದ ಲೆಕ್ಕ ಪೈಸೆಗೂ ಕೂಡುತ್ತದೆ. ಫೆಬ್ರುವರಿ ಮಧ್ಯೆ ಶುರುವಾದ ಕರಾರಿನಲ್ಲಿ ಮಾತ್ರ 29 ದಿನದ ವರ್ಷ ಬಂದಾಗ ಮೊತ್ತ ಆಚೀಚೆ ಆಗಬಹುದು. ಆದರೆ ಈ ಪರೀಕ್ಷೆ ಹಾಳೆಯ ತಪ್ಪನ್ನು ಹಿಡಿಯುತ್ತದೆಯೇ ಹೊರತು ಫೋಟೊ ಓದಿದ ತಪ್ಪನ್ನಲ್ಲ. 23,158 ಎಂದು ಹಾಕಿದರೂ ಎರಡೂ ಕಡೆ ಒಂದೇ ಬರುತ್ತದೆ. ಅದಕ್ಕೆ ಮೇಲಿನ ಶೇ 5ರ ತಾಳೆಯೇ ಗತಿ.

ನಮ್ಮ ಕಡೆ 11 ತಿಂಗಳ ಕರಾರು ಮಾಡಿ, ಪ್ರತಿ ನವೀಕರಣಕ್ಕೂ ಶೇ 5 ಏರಿಸುವುದು ಜಾಸ್ತಿ. ಅದು ವರ್ಷದ ಏರಿಕೆ ಅಲ್ಲವೇ ಅಲ್ಲ. ಎರಡನೇ ದರ 16 ಮೇ 2024ಕ್ಕೇ ಬರುತ್ತದೆ, ಮೂರನೆಯದು 16 ಏಪ್ರಿಲ್ 2025ಕ್ಕೆ. H ಕಾಲಂನ ತಾರೀಖು ಬದಲಿಸಿದರೆ ಸೂತ್ರ ಹಾಗೇ ನಡೆಯುತ್ತದೆ, ಒಟ್ಟು ಮೊತ್ತದ ಪರೀಕ್ಷೆ ಮಾತ್ರ ಕೂಡುವುದಿಲ್ಲ.

ಜಿಎಸ್‌ಟಿ, ನಿರ್ವಹಣಾ ಶುಲ್ಕ, ನೀರಿನ ಬಿಲ್ ಇದ್ದರೆ E ಕಾಲಂಗೆ ಬೆರೆಸದೆ ಪಕ್ಕದ ಕಾಲಂಗಳಲ್ಲಿಡಿ. ಷರತ್ತಿನಲ್ಲಿ ಬೇರೆ ಹೇಳದಿದ್ದರೆ ಶೇ 5 ಏರುವುದು ಬಾಡಿಗೆ ಮಾತ್ರ.

ಬಾಡಿಗೆಗೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟಿದ್ದರೆ ಅದು ವರ್ಷಕ್ಕೆ ಎರಡು ಸಲ ಬದಲಾಗಬೇಕು, ಒಮ್ಮೆ ಅಲ್ಲ. ಉದಾಹರಣೆಗೆ ಮೇ 2026ರ ಬಾಡಿಗೆ 22,050, ಜೂನ್‌ನದು 22,601.50, ಜುಲೈನದು 23,153. ಜೂನ್ ಸಾಲಿನ ಸ್ಕ್ರೀನ್‌ಶಾಟನ್ನು ಮೇ ಕೊನೆಯಲ್ಲೇ ಮಾಲೀಕರಿಗೆ ಕಳಿಸಿ. ಅರ್ಧ ತಿಂಗಳ ಲೆಕ್ಕಕ್ಕೆ ಅವರ ತಕರಾರು ಇದ್ದರೆ ದುಡ್ಡು ಹೋಗುವ ಮೊದಲೇ ಗೊತ್ತಾಗುತ್ತದೆ.